ಮನೆ ಮೈಸೂರಿನಲ್ಲಿ, ಮಾಲೀಕ ಡಾಲಸ್‌ನಲ್ಲಿ

2024ರ ಅಕ್ಟೋಬರ್ ಕೊನೆಯ ವಾರ. ಪರಿಚಯದ ಮೇಷ್ಟ್ರೊಬ್ಬರು ಅಗ್ರಿಮೆಂಟಿನ ಕರಡು ಹಿಡಿದುಕೊಂಡು ನನ್ನ ಆಫೀಸಿಗೆ ಬಂದರು. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುವವರು. ಕುವೆಂಪುನಗರದಲ್ಲಿ ಒಂದು ಮನೆಯನ್ನು 96 ಲಕ್ಷಕ್ಕೆ ಮಾತಾಡಿ ಮುಗಿಸಿದ್ದರು. ಮಾರುವವನು ಅವರ ಹಳೆಯ ವಿದ್ಯಾರ್ಥಿ. ಈಗ ಅಮೆರಿಕದ ಡಾಲಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಮಕ್ಕಳ ಓದು ಎಲ್ಲ ಅಲ್ಲೇ. ತೆರಿಗೆ ಲೆಕ್ಕ ಬರೆಯುವುದು ನನ್ನ ಕಸುಬು, ಹಾಗಾಗಿ ಕರಡಿನ ಮೇಲೆ ಒಂದು ಸಲ ಕಣ್ಣಾಡಿಸಿ ಕೊಡಿ ಅಂತ ಬಂದಿದ್ದರು.

ಎರಡನೇ ಪುಟದಲ್ಲಿ ಒಂದು ಸಾಲಿತ್ತು: ಕೊಳ್ಳುವವರು ಶೇ 1ರಷ್ಟು ಟಿಡಿಎಸ್ ಮುರಿದುಕೊಂಡು ಉಳಿದ ಹಣ ಕೊಡತಕ್ಕದ್ದು. ಬ್ರೋಕರ್ ಬರೆಸಿದ ಸಾಲು. ಊರಿನ ಎಲ್ಲ ಅಗ್ರಿಮೆಂಟುಗಳಲ್ಲೂ ಇರುವ ಸಾಲೇ ಅದು, ಅವನ ತಪ್ಪೇನಲ್ಲ.

"ಮೇಷ್ಟ್ರೇ, ಇದು ಒಂದು ಅಲ್ಲ. ಹದಿನಾಲ್ಕು ಚಿಲ್ಲರೆ" ಅಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹದಿನಾಲ್ಕು ಅಂದರೆ ಹದಿಮೂರು ಲಕ್ಷದ ಮೇಲಾಯ್ತಲ್ಲ! ಅವನ ಮನೆ, ಅವನ ಲಾಭ, ತೆರಿಗೆನೂ ಅವನದೇ. ಮಧ್ಯೆ ನಾನ್ಯಾಕೆ ಅವನ ದುಡ್ಡು ಹಿಡೀಬೇಕು? ನನ್ನ ಸ್ಟೂಡೆಂಟ್ ಅವನು, ಏನಂದುಕೊಳ್ತಾನೆ?"

ವಿದೇಶದಲ್ಲಿರುವವರಿಂದ ಮನೆ, ಸೈಟು ಕೊಳ್ಳುವ ಎಲ್ಲರೂ ಕೇಳುವ ಪ್ರಶ್ನೆ ಇದು. ಇದಕ್ಕೆ ಸಿಗುವ ಉತ್ತರ ಸಾಮಾನ್ಯವಾಗಿ "ರೂಲ್ಸು ಹಾಗಿದೆ" ಅಂತ ಮಾತ್ರ. ಅಷ್ಟೇ ಹೇಳಿ ಕಳಿಸಿದರೆ ಮನುಷ್ಯ ಅರ್ಧ ಮನಸ್ಸಿನಲ್ಲಿ ಹೋಗುತ್ತಾನೆ, ರಿಜಿಸ್ಟ್ರಿ ದಿನ ಮಾರುವವನ ಮುಖ ನೋಡಿ ಕರಗುತ್ತಾನೆ. ಅದಕ್ಕೇ ಮೇಷ್ಟ್ರಿಗೆ ಕಾರಣವನ್ನೇ ಹೇಳಲು ಕುಳಿತೆ.

ಮಾರುವವರು ಇಲ್ಲೇ ವಾಸವಿದ್ದರೆ, ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ಕೊಳ್ಳುವವರು ಶೇ 1 ಮುರಿದುಕೊಳ್ಳಬೇಕು. 2013ರ ಜೂನ್‌ನಿಂದ ಬಂದ ನಿಯಮ ಅದು, 194-ಐಎ ಸೆಕ್ಷನ್. ಆ ಒಂದು ಪರ್ಸೆಂಟು ನಿಜವಾಗಿ ತೆರಿಗೆ ವಸೂಲಿ ಅಲ್ಲ, ಹೆಜ್ಜೆ ಗುರುತು. ಇಂಥವರು ಇಂಥ ಬೆಲೆಗೆ ಆಸ್ತಿ ಮಾರಿದರು ಎಂಬ ಸುಳಿವು ಇಲಾಖೆಗೆ ಸಿಕ್ಕರೆ ಸಾಕು. ಮನುಷ್ಯ ಇಲ್ಲೇ ಇದ್ದಾನೆ, ಬ್ಯಾಂಕ್ ಖಾತೆ ಇಲ್ಲಿದೆ, ನಾಳೆ ನೋಟಿಸ್ ಕೊಟ್ಟರೆ ಬಾಗಿಲು ತೆರೆಯುವವರಿದ್ದಾರೆ. ಉಳಿದ ತೆರಿಗೆಯನ್ನು ಅವನು ರಿಟರ್ನ್ ಹಾಕುವಾಗ ಕಟ್ಟುತ್ತಾನೆ, ಕಟ್ಟದಿದ್ದರೆ ಇಲಾಖೆ ಹೋಗಿ ಹಿಡಿಯುತ್ತದೆ.

ಡಾಲಸ್‌ನವನ ವಿಷಯ ಬೇರೆ. ಅವನಿಗೆ ಇಲ್ಲಿದ್ದದ್ದು ಈ ಮನೆಯೊಂದೇ. ಅದು ಮಾರಿಹೋಗಿ, ಹಣ ಬ್ಯಾಂಕ್ ದಾಟಿ ಹೊರಟ ಮೇಲೆ, ತೆರಿಗೆ ಬಾಕಿ ಉಳಿದರೆ ಮೈಸೂರಿನ ಅಧಿಕಾರಿ ಯಾರ ಬಾಗಿಲು ತಟ್ಟಬೇಕು? ಜಪ್ತಿ ಮಾಡೋಣವೆಂದರೆ ಆಸ್ತಿ ಇಲ್ಲ, ಸಮನ್ಸ್ ಕಳಿಸೋಣವೆಂದರೆ ಆಳಿಲ್ಲ. ಆದ್ದರಿಂದ ಕಾನೂನು ಹಣ ಗಡಿ ದಾಟುವ ಮೊದಲು ಅದನ್ನು ಕೊನೆಯದಾಗಿ ಮುಟ್ಟುವ ಕೈಯನ್ನು ಹುಡುಕುತ್ತದೆ. ಅದು ಕೊಳ್ಳುವವನ ಕೈ. 1961ರ ಆದಾಯ ತೆರಿಗೆ ಕಾಯ್ದೆಯ 195ನೇ ಸೆಕ್ಷನ್ ಹೇಳುವುದು ಇಷ್ಟೇ: ಅನಿವಾಸಿಗೆ ಇಲ್ಲಿ ತೆರಿಗೆ ಬೀಳುವಂಥ ಯಾವ ಹಣ ಕೊಟ್ಟರೂ, ಕೊಡುವವನೇ ತೆರಿಗೆ ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಇಲ್ಲಿ 50 ಲಕ್ಷದ ಮಿತಿ ಇಲ್ಲ. ಹತ್ತು ಲಕ್ಷದ ಸೈಟಾದರೂ ಅಷ್ಟೇ. ಹಿಡಿಯುವುದೂ ಸುಳಿವಿನ ಮಟ್ಟಕ್ಕಲ್ಲ, ಪೂರ್ತಿ ತೆರಿಗೆಯ ಮಟ್ಟಕ್ಕೆ.

"ಅವನು ಅಮೆರಿಕದಲ್ಲಿ ತೆರಿಗೆ ಕಟ್ಟುತ್ತಾನಲ್ಲ?" ಎಂದರು ಮೇಷ್ಟ್ರು. ಕಟ್ಟಲಿ. ಮನೆ ಇರುವುದು ಮೈಸೂರಿನ ಮಣ್ಣಿನ ಮೇಲೆ. ಅದರ ಲಾಭಕ್ಕೆ ತೆರಿಗೆ ಹಾಕುವ ಹಕ್ಕನ್ನು ಭಾರತ ಯಾವ ಒಪ್ಪಂದದಲ್ಲೂ ಬಿಟ್ಟುಕೊಟ್ಟಿಲ್ಲ, ಅಮೆರಿಕದ ಜೊತೆಗಿನ ಒಪ್ಪಂದದಲ್ಲೂ ಇಲ್ಲ. ಇಲ್ಲಿ ಕಟ್ಟಿದ್ದನ್ನು ತೋರಿಸಿ ಅಲ್ಲಿ ಅವನು ಕಡಿತ ಕೇಳಿಕೊಳ್ಳಬಹುದು.

ಇಷ್ಟು ಒಪ್ಪಿಕೊಂಡ ಮೇಷ್ಟ್ರು ಮತ್ತೊಂದು ಪಟ್ಟು ಹಾಕಿದರು. "ಅವನ ಹತ್ತಿರ ಇರೋದು ಇಂಡಿಯನ್ ಪಾಸ್‌ಪೋರ್ಟೇ. ಪ್ಯಾನ್ ಕಾರ್ಡೂ ಇದೆ. ಹಾಗಿದ್ದ ಮೇಲೆ ವಿದೇಶಿ ಹೇಗಾದ?"

ಹೆಚ್ಚಿನವರು ಎಡವುವುದು ಇಲ್ಲೇ. ತೆರಿಗೆ ಕಾಯ್ದೆಗೆ ಪೌರತ್ವದ ಗೊಡವೆ ಇಲ್ಲ, ಅದು ಎಣಿಸುವುದು ದಿನಗಳನ್ನು. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಮನುಷ್ಯ ಎಷ್ಟು ದಿನ ಈ ದೇಶದಲ್ಲಿದ್ದ? 182 ದಿನ ಇದ್ದರೆ ನಿವಾಸಿ. ವರ್ಷಕ್ಕೊಮ್ಮೆ ದಸರೆಗೆ ಮೂರು ವಾರ ಬಂದು ಹೋಗುವವನು ಅನಿವಾಸಿ, ಅವನ ಪಾಸ್‌ಪೋರ್ಟಿನ ಮೇಲೆ ಅಶೋಕ ಸ್ತಂಭವಿದ್ದರೂ. ಇದರ ತಿರುವೂ ಉಂಟು: ಅಮೆರಿಕದ ಪೌರನಾಗಿಬಿಟ್ಟವನು ಕೆಲಸ ಬಿಟ್ಟು ಬಂದು ಈ ವರ್ಷ ಜಯಲಕ್ಷ್ಮಿಪುರದಲ್ಲಿ ಎಂಟು ತಿಂಗಳು ಕೂತಿದ್ದರೆ ತೆರಿಗೆ ಮಟ್ಟಿಗೆ ಅವನು ನಿವಾಸಿ. ಇಲ್ಲಿನ ಆದಾಯ 15 ಲಕ್ಷ ಮೀರಿದ, ಆಗಾಗ ಬಂದು ಹೋಗುವ ಭಾರತೀಯರಿಗೆ 120 ದಿನದ ಇನ್ನೊಂದು ಲೆಕ್ಕವೂ ಇದೆ. ವರ್ಷದಲ್ಲಿ ನಾಲ್ಕೈದು ತಿಂಗಳು ಇಲ್ಲೇ ಕಳೆಯುವವರಾದರೆ ಪಾಸ್‌ಪೋರ್ಟಿನ ಠಸ್ಸೆಗಳನ್ನು ಒಬ್ಬ ಬಲ್ಲವರ ಮುಂದಿಟ್ಟು ಎಣಿಸಿಸುವುದು ಒಳ್ಳೆಯದು.

ಪ್ಯಾನ್ ಕಾರ್ಡ್ ನೋಡಿದರೆ ಇದು ಯಾವುದೂ ಗೊತ್ತಾಗುವುದಿಲ್ಲ. ಗೊತ್ತುಮಾಡಿಕೊಳ್ಳುವ ದಾರಿ ಬೇರೆ. ಮಾರುವವನ ಪರವಾಗಿ ಅಪ್ಪನೋ ಅಣ್ಣನೋ ಜಿಪಿಎ ಹಿಡಿದು ಬಂದಿದ್ದಾರೆಯೇ? ಆ ಜಿಪಿಎ ಮೇಲೆ ಭಾರತೀಯ ಕಾನ್ಸುಲೇಟಿನ ಮೊಹರು ಇದೆಯೇ? ಹಣ ಹಾಕಲು ಕೊಟ್ಟ ಖಾತೆ ಎನ್‌ಆರ್‌ಒ ಖಾತೆಯೇ? ಇದರಲ್ಲಿ ಯಾವುದೊಂದು ಕಂಡರೂ ನಿಂತು ಕೇಳಬೇಕು. ಎದುರಿಗೆ ಕೂತು ಸಹಿ ಹಾಕುವ ಅಪ್ಪ ಸರಸ್ವತಿಪುರದವರೇ ಇರಬಹುದು. ತೆರಿಗೆಗೆ ಲೆಕ್ಕ ಮಾಲೀಕ ಎಲ್ಲಿದ್ದಾನೆ ಎಂಬುದು ಮಾತ್ರ.

ಕೆಲವು ವರ್ಷದ ಹಿಂದೆ ನನ್ನ ಹತ್ತಿರ ನೋಟಿಸ್ ಹಿಡಿದು ಬಂದವರೊಬ್ಬರ ಕಥೆ ಇದೇ. ಮಾಲೀಕ ದುಬೈನಲ್ಲಿದ್ದ, ಅಪ್ಪ ಜಿಪಿಎ ಮೇಲೆ ಮಾರಿದರು. ಇವರು ಶೇ 1 ಹಿಡಿದು, 26ಕ್ಯೂಬಿ ಫಾರ್ಮ್‌ನಲ್ಲಿ ಕಟ್ಟಿ, ರಸೀದಿ ಫೈಲ್ ಮಾಡಿ, ಎಲ್ಲ ಸರಿಯಾಯಿತು ಎಂದುಕೊಂಡಿದ್ದರು. 30 ಲಕ್ಷ ಮತ್ತು ಮೇಲ್ಪಟ್ಟ ಪ್ರತಿ ಆಸ್ತಿ ವ್ಯವಹಾರದ ವರದಿ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ತೆರಿಗೆ ಇಲಾಖೆಗೆ ಹೋಗುತ್ತದೆ. ಹಣವನ್ನು ವಿದೇಶಕ್ಕೆ ಕಳಿಸುವಾಗ ಬ್ಯಾಂಕ್ ಕೇಳುವ ಕಾಗದ ಇನ್ನೊಂದು ಕಡೆಯಿಂದ ಹೋಗುತ್ತದೆ. ಎರಡೂ ಒಂದು ಕಡೆ ಸೇರಿದ ದಿನ ನೋಟಿಸ್ ಬಂತು. ಬಂದದ್ದು ಕೊಂಡವರಿಗೆ. ದುಬೈನವನು ಮೊದಮೊದಲು ಫೋನ್ ಎತ್ತಿದ, ಆಮೇಲೆ ಎತ್ತಲಿಲ್ಲ.

ಕಾಯ್ದೆಯಲ್ಲಿ ಇಂಥವರಿಗೆ ಒಂದು ಹೆಸರಿದೆ: ಸುಸ್ತಿದಾರ. ಮುರಿದುಕೊಳ್ಳಬೇಕಾದ ತೆರಿಗೆಯನ್ನು ಮುರಿದುಕೊಳ್ಳದವನು ಅದನ್ನು ತನ್ನ ಜೇಬಿನಿಂದ ಕಟ್ಟಬೇಕು. ಮುರಿಯದೆ ಬಿಟ್ಟ ಪ್ರತಿ ತಿಂಗಳಿಗೂ ಶೇ 1 ಬಡ್ಡಿ. ಅಷ್ಟೇ ಮೊತ್ತದವರೆಗೆ ದಂಡ ಹಾಕುವ ಅಧಿಕಾರವೂ ಇದೆ. ತಪ್ಪಿಸಿಕೊಳ್ಳಲು ಇರುವ ಬಾಗಿಲು ಒಂದೇ. ಮಾರಿದವನು ಆ ಲಾಭವನ್ನು ತೋರಿಸಿ ರಿಟರ್ನ್ ಹಾಕಿದ್ದರೆ, ತೆರಿಗೆ ಕಟ್ಟಿದ್ದರೆ, ಅದಕ್ಕೆ ಚಾರ್ಟರ್ಡ್ ಅಕೌಂಟೆಂಟರ ಸರ್ಟಿಫಿಕೇಟು ತಂದುಕೊಟ್ಟರೆ, ಕೊಂಡವನ ತಲೆಯಿಂದ ಮೂಲ ತೆರಿಗೆ ಇಳಿಯುತ್ತದೆ. ಆಗಲೂ ಅವನು ರಿಟರ್ನ್ ಹಾಕಿದ ದಿನದವರೆಗಿನ ಬಡ್ಡಿ ಇಳಿಯುವುದಿಲ್ಲ. ಒಟ್ಟಿನಲ್ಲಿ ಕೊಂಡವನ ಗತಿ ಫೋನ್ ಎತ್ತದವನ ಮರ್ಜಿಯಲ್ಲಿ.

ಮೇಷ್ಟ್ರ ಲೆಕ್ಕದಲ್ಲಿ ಇದೆಷ್ಟಾಗುತ್ತಿತ್ತು? ಶೇ 1 ಎಂದರೆ 96,000. ಹಿಡಿಯಬೇಕಾದ್ದು 13,72,800. ನಡುವಿನ ಕಂದಕ 12,76,800 ರೂಪಾಯಿ. ಹಾಳೆಯ ಮೇಲೆ ಬರೆದು ತೋರಿಸಿದಾಗ ಮೇಷ್ಟ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಈ ಹದಿಮೂರು ಎಲ್ಲಿಂದ ಬಂತು, ಬಿಡಿಸಿ ತೋರಿಸಿ" ಅಂದರು. ಭೌತಶಾಸ್ತ್ರದವರು, ಸೂತ್ರ ಕಾಣದೆ ಉತ್ತರ ಒಪ್ಪುವವರಲ್ಲ.

ಮನೆ ಕೊಂಡು ಎರಡು ವರ್ಷ ದಾಟಿದ್ದರೆ ಬರುವ ಲಾಭ ದೀರ್ಘಾವಧಿಯದು. 2024ರ ಜುಲೈ 23ರಿಂದ ಅದರ ಮೇಲಿನ ದರ ಶೇ 12.5. ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಹಿಗ್ಗಿಸುವ ಹಳೆಯ ಸೌಲಭ್ಯ, ಅಂದರೆ ಇಂಡೆಕ್ಸೇಷನ್, ಹೋಯಿತು. ಅದಕ್ಕೆ ಮೊದಲು ಕೊಂಡ ಆಸ್ತಿಗೆ ಶೇ 20ರ ಹಳೆಯ ಲೆಕ್ಕವನ್ನು ಆರಿಸಿಕೊಳ್ಳುವ ಅವಕಾಶವನ್ನು ಸರ್ಕಾರ ಆಮೇಲೆ ಕೊಟ್ಟಿತಾದರೂ ಅದು ನಿವಾಸಿಗಳಿಗೆ ಮಾತ್ರ, ಡಾಲಸ್‌ನವನಿಗಿಲ್ಲ. ಮೊತ್ತ 50 ಲಕ್ಷ ದಾಟಿ ಒಂದು ಕೋಟಿಯೊಳಗಿದ್ದರೆ ತೆರಿಗೆಯ ಮೇಲೆ ಶೇ 10 ಸರ್ಚಾರ್ಜು, ಆ ಎರಡರ ಮೇಲೆ ಶೇ 4 ಸೆಸ್. 96 ಲಕ್ಷಕ್ಕೆ ಶೇ 12.5 ಎಂದರೆ 12 ಲಕ್ಷ, ಸರ್ಚಾರ್ಜು 1,20,000, ಸೆಸ್ 52,800. ಕೂಡಿದರೆ 13,72,800, ಅಂದರೆ ಶೇ 14.3.

"ತಡೀರಿ, ಲಾಭಕ್ಕೆ ತಾನೇ ತೆರಿಗೆ? ನೀವು ಪೂರ್ತಿ ಬೆಲೆಗೆ ಹಾಕಿಬಿಟ್ಟಿರಲ್ಲ!"

ಸರಿಯಾದ ಜಾಗದಲ್ಲಿ ಬೆರಳಿಟ್ಟಿದ್ದರು. ಅವರ ವಿದ್ಯಾರ್ಥಿ 2009ರಲ್ಲಿ ಮನೆಯನ್ನು ರಿಜಿಸ್ಟ್ರಿ ಖರ್ಚೂ ಸೇರಿ 28 ಲಕ್ಷಕ್ಕೆ ಕೊಂಡಿದ್ದ. ಲಾಭ 68 ಲಕ್ಷ. ಅದಕ್ಕೆ ಶೇ 14.3 ಎಂದರೆ 9,72,400. ಪೂರ್ತಿ ಬೆಲೆಯ ಮೇಲೆ ಹಿಡಿದರೆ ಅವನ 4,00,400 ರೂಪಾಯಿ ಸುಮ್ಮನೆ ಸರ್ಕಾರದ ಬಳಿ ಹೋಗಿ ಕೂರುತ್ತದೆ. ಮುಂದಿನ ವರ್ಷ ರಿಟರ್ನ್ ಹಾಕಿದಾಗ ಬಡ್ಡಿ ಸಮೇತ ವಾಪಸ್ ಬರುತ್ತದೆ ನಿಜ, ಆದರೆ ಅಲ್ಲಿಯವರೆಗೆ ಕಾಯಬೇಕು.

ಸೆಕ್ಷನ್ನಿನ ಮಾತೂ 'ತೆರಿಗೆ ಬೀಳುವಂಥ ಹಣ' ಎಂದೇ ಇದೆ, 'ಕೊಟ್ಟ ಹಣ' ಎಂದಲ್ಲ. ಈ ಒಂದು ಪದಕ್ಕಾಗಿ ದೊಡ್ಡ ಜಗ್ಗಾಟ ನಡೆದದ್ದು ನಮ್ಮ ಹೈಕೋರ್ಟಿನಲ್ಲೇ. ವಿದೇಶಕ್ಕೆ ಹಣ ಕಳಿಸುವವನು ಇಲಾಖೆಯ ಅನುಮತಿ ಪಡೆಯದ ಹೊರತು ತೆರಿಗೆ ಹಿಡಿಯಲೇಬೇಕು ಎಂಬರ್ಥದಲ್ಲಿ ಕರ್ನಾಟಕ ಹೈಕೋರ್ಟ್ 2009ರಲ್ಲಿ ಸ್ಯಾಮ್‌ಸಂಗ್ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಸಾಫ್ಟ್‌ವೇರ್ ಕೊಂಡ ಹಣದ ವಿಷಯ ಅದು. ಮರುವರ್ಷ ಸುಪ್ರೀಂ ಕೋರ್ಟ್ ಜಿಇ ಇಂಡಿಯಾ ಪ್ರಕರಣದಲ್ಲಿ ಅದನ್ನು ತಳ್ಳಿಹಾಕಿ, ತೆರಿಗೆ ಬೀಳದ ಹಣಕ್ಕೆ ಹಿಡಿಯುವ ಮಾತೇ ಇಲ್ಲ ಅಂದಿತು. ಹಾಗಂತ ಮೇಷ್ಟ್ರು ತಾವೇ 96ರಲ್ಲಿ 28 ಕಳೆದು ಕೂರಬಹುದೇ? ಕೂರಬಾರದು ಅಂತಲೇ ನನ್ನ ಸಲಹೆ. 28 ಲಕ್ಷ ಎಂಬುದು ಮಾರುವವನ ಬಾಯಿಮಾತು ಮತ್ತು ಅವನ ಹಳೇ ಕ್ರಯಪತ್ರ. ಅವನು ಮನೆಗೆ ಮಹಡಿ ಕಟ್ಟಿಸಿದ್ದನೋ, ಖರ್ಚಿಗೆ ಬಿಲ್ಲಿದೆಯೋ, ಬೇರೆ ಮನೆ ಕೊಂಡು ವಿನಾಯಿತಿ ಕೇಳುತ್ತಾನೋ, ಇದನ್ನೆಲ್ಲ ತೂಗಿ ಲಾಭ ಇಷ್ಟೇ ಎಂದು ತೀರ್ಮಾನಿಸುವ ಅಧಿಕಾರ ಕೊಳ್ಳುವವನಿಗಿಲ್ಲ. ಹಣದಲ್ಲಿ ತೆರಿಗೆ ಬೀಳುವ ಭಾಗ, ಬೀಳದ ಭಾಗ ಎರಡೂ ಬೆರೆತಿದ್ದರೆ ಅಧಿಕಾರಿಯನ್ನು ಕೇಳು, ಕೇಳದಿದ್ದರೆ ಪೂರ್ತಿಗೆ ಹಿಡಿ ಎಂದು 1999ರಲ್ಲೇ ಸುಪ್ರೀಂ ಕೋರ್ಟ್ ಆಂಧ್ರದ ಟ್ರಾನ್ಸ್‌ಮಿಷನ್ ಕಾರ್ಪೊರೇಷನ್ ಪ್ರಕರಣದಲ್ಲಿ ಹೇಳಿದೆ. ಲಾಭದ ಮೇಲೆ ಮಾತ್ರ ಹಿಡಿದು ಆಮೇಲೆ ವಾದ ಮಾಡಿ ಗೆದ್ದವರಿದ್ದಾರೆ. ಆದರೆ ವಾದ ಮಾಡಬೇಕಾಗಿ ಬಂತಲ್ಲ!

ಕೇಳುವ ದಾರಿ ಸುಲಭದ್ದೇ. ಮಾರುವವನು 197ನೇ ಸೆಕ್ಷನ್ ಪ್ರಕಾರ ಫಾರ್ಮ್ 13 ಹಾಕುತ್ತಾನೆ. ಅರ್ಜಿ ಆನ್‌ಲೈನ್, ಟ್ರೇಸಸ್ ಜಾಲತಾಣದಲ್ಲಿ. ಅದು ಹೋಗುವುದು ಅಂತರರಾಷ್ಟ್ರೀಯ ತೆರಿಗೆ ನೋಡಿಕೊಳ್ಳುವ ಅಧಿಕಾರಿಯ ಮೇಜಿಗೆ. ಕೊಂಡಾಗಿನ ಕ್ರಯಪತ್ರ, ಈಗಿನ ಅಗ್ರಿಮೆಂಟು, ಲಾಭದ ಲೆಕ್ಕ, ಹಿಂದಿನ ರಿಟರ್ನುಗಳನ್ನು ಲಗತ್ತಿಸಬೇಕು. ಅಧಿಕಾರಿ ನೋಡಿ, ಇಂಥ ಕೊಳ್ಳುವವರು ಇಂಥ ಮೊತ್ತದ ಮೇಲೆ ಇಷ್ಟು ದರದಲ್ಲಿ ಹಿಡಿದರೆ ಸಾಕು ಎಂದು ಸರ್ಟಿಫಿಕೇಟು ಕೊಡುತ್ತಾರೆ. ಆ ಕಾಗದ ಕೈಗೆ ಬಂದರೆ ಕೊಳ್ಳುವವನಿಗೆ ರಾತ್ರಿ ನಿದ್ದೆ, ಮಾರುವವನಿಗೆ ಕೈಯಲ್ಲಿ ಹಣ.

ಇದರಲ್ಲಿ ಎರಡು ಗಂಟುಗಳಿವೆ. ಅರ್ಜಿಯಲ್ಲಿ ಕೊಳ್ಳುವವರ ಟ್ಯಾನ್ ನಂಬರ್ ಹಾಕಬೇಕು. ತೆರಿಗೆ ಹಿಡಿಯುವವರಿಗೆ ಕೊಡುವ ಹತ್ತು ಅಕ್ಷರದ ನಂಬರ್ ಅದು, ಪ್ಯಾನ್ ಅಲ್ಲ. ನಿವಾಸಿಯಿಂದ ಕೊಂಡರೆ ಇದು ಬೇಕಿಲ್ಲ, ಅನಿವಾಸಿಯಿಂದ ಕೊಂಡರೆ ಬೇಕು. ಜೀವನದಲ್ಲಿ ಒಂದೇ ಮನೆ ಕೊಳ್ಳುವ ಮೇಷ್ಟ್ರೂ ಕಂಪನಿಗಳ ಹಾಗೆ ಟ್ಯಾನ್ ಮಾಡಿಸಬೇಕು! ಎರಡನೆಯದು, ಸರ್ಟಿಫಿಕೇಟು ಕೆಲಸ ಮಾಡುವುದು ಅದು ಬಂದ ದಿನದಿಂದ ಮುಂದಕ್ಕೆ. ಅದಕ್ಕೆ ಮೊದಲು ಕೊಟ್ಟ ಹಣಕ್ಕೆ ಅದರ ನೆರಳು ತಾಗುವುದಿಲ್ಲ.

ಮೇಷ್ಟ್ರ ಮುಖ ಸಪ್ಪಗಾಯಿತು. "ಅಕ್ಟೋಬರ್ 12ಕ್ಕೆ ಒಂದು ಲಕ್ಷ ಟೋಕನ್ ಕೊಟ್ಟುಬಿಟ್ಟಿದ್ದೀನಲ್ಲ."

ತೆರಿಗೆ ಹಿಡಿಯುವುದು ರಿಜಿಸ್ಟ್ರಿ ದಿನ ಎಂದು ಬಹಳ ಮಂದಿ ತಿಳಿದಿರುತ್ತಾರೆ. ಹಾಗಲ್ಲ, ಹಣ ಕೈದಾಟುವ ಪ್ರತಿ ಸಲವೂ ಹಿಡಿಯಬೇಕು, ಟೋಕನ್ ಆದರೂ ಸರಿ. ಒಂದು ಲಕ್ಷಕ್ಕೆ 50 ಲಕ್ಷದ ಸರ್ಚಾರ್ಜು ಹೇಗೆ ಎನ್ನಬೇಡಿ, ಕೊಡಲಿರುವ ಒಟ್ಟು ಮೊತ್ತವನ್ನೇ ನೋಡುವುದು. ಹಾಗಾಗಿ ಆ ಲಕ್ಷಕ್ಕೆ 14,300. ಒಂದು ತಿಂಗಳಲ್ಲಿ ಹಿಡಿದದ್ದನ್ನು ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಕಟ್ಟಬೇಕು. ಪುಣ್ಯಕ್ಕೆ ಮೇಷ್ಟ್ರು ಅಕ್ಟೋಬರ್ ಮುಗಿಯುವ ಮೊದಲೇ ಬಂದಿದ್ದರು. ಅಂದೇ ಟ್ಯಾನ್‌ಗೆ ಅರ್ಜಿ ಹಾಕಿದೆವು. ನಂಬರ್ ಒಂದು ವಾರದಲ್ಲಿ ಬಂತು, ನವೆಂಬರ್ 7ರೊಳಗೆ 14,300 ಕಟ್ಟಿದರು. ಟೋಕನ್ನನ್ನು ಪೂರ್ತಿ ಕೊಟ್ಟುಬಿಟ್ಟಿದ್ದರಿಂದ ಇದನ್ನು ಕೊನೆಯ ಲೆಕ್ಕದಲ್ಲಿ ಹೊಂದಿಸಿಕೊಳ್ಳುವುದೆಂದು ಅಗ್ರಿಮೆಂಟಿನಲ್ಲೇ ಬರೆಸಿದೆವು.

ಅಗ್ರಿಮೆಂಟಿನಲ್ಲಿ ಇನ್ನೆರಡು ಬದಲಾವಣೆ ಆಯಿತು. ಶೇ 1ರ ಸಾಲು ಹೋಗಿ, 195ರ ಪ್ರಕಾರ, ಸರ್ಟಿಫಿಕೇಟು ಬಂದರೆ ಅದರಲ್ಲಿರುವ ದರದಂತೆ, ಬಾರದಿದ್ದರೆ ಪೂರ್ತಿ ಬೆಲೆಯ ಮೇಲೆ ಶೇ 14.3 ಎಂಬ ಸಾಲು ಬಂತು. ಮೊದಲು ಬರೆದಿದ್ದ ಹತ್ತು ಲಕ್ಷದ ಮುಂಗಡ ತೆಗೆದು, ಸರ್ಟಿಫಿಕೇಟು ಬರುವವರೆಗೆ ಟೋಕನ್ ಬಿಟ್ಟು ಬೇರೆ ಹಣ ಇಲ್ಲ ಎಂದು ಬರೆದೆವು. ಇದನ್ನು ವಿದ್ಯಾರ್ಥಿಗೆ ಹೇಳುವ ಕೆಲಸ ಮೇಷ್ಟ್ರದ್ದೇ. ನನ್ನ ಆಫೀಸಿನಿಂದಲೇ ಫೋನ್ ಮಾಡಿದರು, ಅಲ್ಲಿ ಬೆಳಗಿನ ಜಾವ. ಐದು ನಿಮಿಷ ತಡವರಿಸಿದರು. ಆ ಕಡೆಯಿಂದ ಬಂದ ಮಾತು ಸ್ಪೀಕರ್‌ನಲ್ಲಿ ನನಗೂ ಕೇಳಿಸಿತು. "ಸರ್, ನೀವು ಹಿಡಿಯದಿದ್ರೆ ನನಗೇ ತಲೆನೋವು. ನಾಳೆ ಹಣ ಇಲ್ಲಿಗೆ ತರೋಕೆ ಹೋದಾಗ ಬ್ಯಾಂಕ್‌ನೋರು ತೆರಿಗೆ ಕಟ್ಟಿದ್ದಕ್ಕೆ ಕಾಗದ ಕೇಳ್ತಾರೆ."

ಅವನು ಹೇಳಿದ್ದು ನಿಜ. ಅನಿವಾಸಿಗೆ ಬರುವ ಮಾರಾಟದ ಹಣ ಎನ್‌ಆರ್‌ಒ ಖಾತೆಗೆ ಹೋಗಬೇಕು. ಅಲ್ಲಿಂದ ಒಂದು ಹಣಕಾಸು ವರ್ಷದಲ್ಲಿ ಹತ್ತು ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು, ತೆರಿಗೆ ಸಂದಾಯವಾದ ಬಗ್ಗೆ ಅಕೌಂಟೆಂಟರ ಪತ್ರ ಬೇಕು. ಅಂದರೆ ಕೊಳ್ಳುವವನು ಹಿಡಿದ ತೆರಿಗೆ ಮಾರುವವನ ಹೆಸರಿನಲ್ಲಿ, ಅವನ ಪ್ಯಾನ್‌ಗೆ ಜಮೆಯಾಗುವ ಹಣ. ಅದು ಮೇಷ್ಟ್ರ ಖರ್ಚೂ ಅಲ್ಲ, ವಿದ್ಯಾರ್ಥಿಯ ನಷ್ಟವೂ ಅಲ್ಲ. ಮೇಷ್ಟ್ರ ಜೇಬಿನಿಂದ ಹೋಗುವುದು ಹೇಗಿದ್ದರೂ 96 ಲಕ್ಷವೇ, ಒಂದು ಭಾಗ ಅವನ ಖಾತೆಗೆ, ಒಂದು ಭಾಗ ಅವನ ತೆರಿಗೆ ಖಾತೆಗೆ.

ಸರ್ಟಿಫಿಕೇಟು ಕೆಲವು ವಾರ ತೆಗೆದುಕೊಂಡಿತು. ನಡುವೆ ಅಧಿಕಾರಿ ಒಂದು ಸ್ಪಷ್ಟನೆ ಕೇಳಿದರು, ವಿದ್ಯಾರ್ಥಿಯ ಅಕೌಂಟೆಂಟ್ ಉತ್ತರ ಕೊಟ್ಟರು. ಜನವರಿ ಮೊದಲ ವಾರ ಬಂತು. ಉಳಿದ 95 ಲಕ್ಷದ ಮೇಲೆ, ಸರ್ಚಾರ್ಜು ಸೆಸ್ ಎಲ್ಲ ಸೇರಿ, ಶೇ 10.1.

ತಿಂಗಳ ಮಧ್ಯೆ ರಿಜಿಸ್ಟ್ರಿ. 95 ಲಕ್ಷಕ್ಕೆ ಶೇ 10.1 ಎಂದರೆ 9,59,500. ಇಲ್ಲೊಂದು ಎಚ್ಚರ ಬೇಕಿತ್ತು, ಮೇಷ್ಟ್ರಿಗೆ ಬ್ಯಾಂಕ್‌ನಿಂದ 40 ಲಕ್ಷ ಸಾಲ ಮಂಜೂರಾಗಿತ್ತು. ಬ್ಯಾಂಕ್ ಅದನ್ನು ಸೀದಾ ಮಾರುವವನ ಹೆಸರಿಗೆ ಡಿಡಿ ಮಾಡಿಕೊಡುತ್ತದೆ. ತೆರಿಗೆ ಹಿಡಿಯುವ ಹೊಣೆ ಬ್ಯಾಂಕ್‌ನದಲ್ಲ. ಹಾಗಾಗಿ ಹಿಡಿಯುವ ಹಣ ಪೂರ್ತಿ ಮೇಷ್ಟ್ರ ಸ್ವಂತ ಪಾಲಿನಲ್ಲೇ ಉಳಿದಿರಬೇಕು. ಊರಿನ ಸೈಟು ಮಾರಿ ಇಟ್ಟುಕೊಂಡಿದ್ದ 55 ಲಕ್ಷದಲ್ಲಿ 9,59,500 ತೆಗೆದಿಟ್ಟು, ಉಳಿದ 45,40,500ರಲ್ಲಿ ಮೊದಲು ಕಟ್ಟಿದ್ದ 14,300 ಕಳೆದುಕೊಂಡು, ಮಿಕ್ಕದ್ದನ್ನು ಎನ್‌ಆರ್‌ಒ ಖಾತೆಗೆ ಹಾಕಿದರು. ಸಾಲದ ಪಾಲು ದೊಡ್ಡದಾಗಿ ಸ್ವಂತ ಪಾಲು ಕಡಿಮೆಯಾದವರು ಈ ಹಂತದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಡಿಡಿ ಕೊಟ್ಟಾಗಿರುತ್ತದೆ, ತೆರಿಗೆಗೆ ದುಡ್ಡಿರುವುದಿಲ್ಲ.

ಕ್ರಯಪತ್ರದಲ್ಲಿ ಬೆಲೆ 96 ಲಕ್ಷ ಎಂದೇ ಬರೆದರು, ಹಿಡಿದ ತೆರಿಗೆಯನ್ನು ಹಣ ಸಂದಾಯದ ಪಟ್ಟಿಯಲ್ಲಿ ಪ್ರತ್ಯೇಕ ಸಾಲಾಗಿ ತೋರಿಸಿದರು. ತೆರಿಗೆ ಕಳೆದು ಉಳಿದದ್ದನ್ನೇ ಬೆಲೆಯೆಂದು ಬರೆಸುವ ಪತ್ರಬರಹಗಾರರನ್ನು ನೋಡಿದ್ದೇನೆ. ಅದು ತಪ್ಪು, ಮುದ್ರಾಂಕ ಶುಲ್ಕಕ್ಕೂ ತೆರಿಗೆಗೂ.

ಮೇಷ್ಟ್ರು ಫೆಬ್ರವರಿ 7ಕ್ಕೆ ಕಾಯಲಿಲ್ಲ, ರಿಜಿಸ್ಟ್ರಿಯ ಮರುದಿನವೇ ಕಟ್ಟಿದರು. ಒಳ್ಳೆಯದೇ ಆಯಿತು. ಹಿಡಿದು ಕಟ್ಟದೆ ಇಟ್ಟುಕೊಂಡರೆ ತಿಂಗಳಿಗೆ ಶೇ 1.5 ಬಡ್ಡಿ, ಅದರ ಲೆಕ್ಕ ಶುರುವಾಗುವುದು ಕಟ್ಟಬೇಕಿದ್ದ ದಿನದಿಂದಲ್ಲ, ಹಿಡಿದ ದಿನದಿಂದ.

ಹಣ ಕಟ್ಟಿದಲ್ಲಿಗೆ ಕೆಲಸ ಮುಗಿಯಿತು ಎಂದುಕೊಂಡು ಮೇಷ್ಟ್ರು ಮೈಸೂರ್‌ಪಾಕಿನ ಪೊಟ್ಟಣ ತಂದರು. ಮುಗಿದಿರಲಿಲ್ಲ. ಚಲನ್ ಕಟ್ಟಿದರೆ ಹಣ ಸರ್ಕಾರಕ್ಕೆ ಸೇರುತ್ತದೆ, ಆದರೆ ಅದು ಯಾರ ತೆರಿಗೆ ಎಂದು ಸರ್ಕಾರಕ್ಕೆ ಗೊತ್ತಾಗುವುದು ಫಾರ್ಮ್ 27ಕ್ಯೂ ಹಾಕಿದ ಮೇಲೆ. ಮೂರು ತಿಂಗಳಿಗೊಮ್ಮೆ ಹಾಕುವ ಟಿಡಿಎಸ್ ರಿಟರ್ನ್ ಅದು. ಅಕ್ಟೋಬರಿನ ಟೋಕನ್‌ಗೆ ಒಂದು, ಜನವರಿ 31ರೊಳಗೆ. ರಿಜಿಸ್ಟ್ರಿ ಹಣಕ್ಕೆ ಇನ್ನೊಂದು, ಮೇ 31ರೊಳಗೆ. ತಡವಾದರೆ ದಿನಕ್ಕೆ 200 ರೂಪಾಯಿ. ಎರಡನೆಯದರಲ್ಲಿ ಸರ್ಟಿಫಿಕೇಟಿನ ನಂಬರ್ ನಮೂದಿಸಲೇಬೇಕು. ಬಿಟ್ಟರೆ ಇಲಾಖೆಯ ಕಂಪ್ಯೂಟರ್ ಇವರು ಕಡಿಮೆ ಹಿಡಿದರೆಂದು ಲೆಕ್ಕ ಹಾಕಿ ಬಾಕಿ ನೋಟಿಸ್ ಕಳಿಸುತ್ತದೆ. ಮಾರಿದವನ ಪ್ಯಾನ್‌ನಲ್ಲಿ ಒಂದಕ್ಷರ ತಪ್ಪಾದರೆ ಹಣ ಅವನ ಖಾತೆಯಲ್ಲಿ ಕಾಣಿಸುವುದೇ ಇಲ್ಲ. ಸರಿಯಾಯಿತೋ ಇಲ್ಲವೋ ತಿಳಿಯಲು ಸುಲಭದ ಉಪಾಯವಿದೆ, ಮಾರಿದವನಿಗೆ ಅವನ 26ಎಎಸ್ ತೆರೆದು ನೋಡಲು ಹೇಳುವುದು.

ಇದು 1961ರ ಕಾಯ್ದೆಯ ಕಾಲದ ಕಥೆ. 2026ರ ಏಪ್ರಿಲ್‌ನಿಂದ ಅದರ ಜಾಗಕ್ಕೆ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದಿದ್ದು, ಸೆಕ್ಷನ್ ನಂಬರುಗಳು ಬದಲಾಗಿವೆ. ಸಂಬಳದ್ದು ಬಿಟ್ಟು ಉಳಿದ ಟಿಡಿಎಸ್ 393ರಲ್ಲಿ ಸೇರಿದೆ, ತತ್ವ ಹಳೆಯದೇ. ಟ್ಯಾನ್ ಗೋಳು ಮಾತ್ರ ಸರ್ಕಾರಕ್ಕೂ ಮುಟ್ಟಿದ ಹಾಗಿದೆ. 2026ರ ಬಜೆಟ್‌ನಲ್ಲಿ, ಅನಿವಾಸಿಯಿಂದ ಆಸ್ತಿ ಕೊಳ್ಳುವ ನಿವಾಸಿಗಳು ತಮ್ಮ ಪ್ಯಾನ್ ಮೇಲೆಯೇ ತೆರಿಗೆ ಕಟ್ಟುವಂತೆ ಮಾಡುವುದಾಗಿ ಹೇಳಿದರು. ಕೊಳ್ಳುವ ಹೊತ್ತಿಗೆ ಯಾವ ಫಾರ್ಮ್, ಯಾವ ನಂಬರ್ ಚಾಲ್ತಿಯಲ್ಲಿದೆ ಎಂದು ಒಮ್ಮೆ ಕೇಳಿಕೊಂಡೇ ಮುಂದುವರಿಯಬೇಕು.

2025ರ ಜೂನ್‌ನಲ್ಲಿ ಮೇಷ್ಟ್ರ ಹೆಸರಿನ 16ಎ ಸರ್ಟಿಫಿಕೇಟು ಇಳಿಸಿಕೊಂಡು ಡಾಲಸ್‌ಗೆ ಕಳಿಸಿದೆವು. ಎರಡೂ ಸಲದ್ದು ಕೂಡಿ 9,73,800. ಆಗಬೇಕಿದ್ದ ತೆರಿಗೆ 9,72,400. ವಿದ್ಯಾರ್ಥಿ ರಿಟರ್ನ್ ಹಾಕಿದ ಮೇಲೆ ಮೇಷ್ಟ್ರಿಗೆ ಮೆಸೇಜ್ ಕಳಿಸಿದ್ದ: "ಸರ್, 1,400 ರೂಪಾಯಿ ರಿಫಂಡ್ ಬರುತ್ತಂತೆ." ಮೇಷ್ಟ್ರು ಅದನ್ನು ನನಗೆ ತೋರಿಸಿ ಕೇಳಿದ್ದು ಇಷ್ಟೇ: "ಆ 1,400 ಹೆಚ್ಚು ಹಿಡಿದದ್ದು ಯಾಕೆ? ಶೇ 10.1ರ ಬದಲು 10.085 ಅಂತ ಕೊಡಬಹುದಿತ್ತಲ್ಲ?"